ಅಗ್ಗದ ಟಿಕೆಟ್ ನಿಮ್ಮ ತಾರೀಖಿಗೆ ಯಾಕೆ ಕಾಣುವುದಿಲ್ಲ: ದರ ನಿಯಮದ ಎರಡು ಷರತ್ತುಗಳನ್ನು ಓದುವ ಕ್ರಮ

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹೋಗಿಬರುವ ಟಿಕೆಟ್ ಹುಡುಕುತ್ತಿದ್ದೀರಿ ಎಂದುಕೊಳ್ಳಿ. 2026ರ ಅಕ್ಟೋಬರ್ 12, ಸೋಮವಾರ ಹೊರಟು 16ರ ಶುಕ್ರವಾರ ವಾಪಸ್ ಎಂದು ಹಾಕಿದರೆ 84,000 ರೂಪಾಯಿ ತೋರಿಸುತ್ತದೆ. ವಾಪಸ್ ಬರುವುದನ್ನು ಶನಿವಾರಕ್ಕೆ ಬದಲಿಸಿದ ಕೂಡಲೇ ಅದು 56,000ಕ್ಕೆ ಇಳಿಯುತ್ತದೆ. ಕಂಪನಿ ಅದೇ, ಎಕಾನಮಿ ಸೀಟೂ ಅದೇ. ಈ ಮೊತ್ತಗಳು ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು, ಆದರೆ ದೂರದ ಅಂತರರಾಷ್ಟ್ರೀಯ ಮಾರ್ಗಗಳಲ್ಲಿ ಇಂಥ ಜಿಗಿತ ಸಾಮಾನ್ಯ.

ಶುಕ್ರವಾರ ಸೀಟು ತುಂಬಿದೆ, ಅದಕ್ಕೇ ದುಬಾರಿ ಎಂದು ಹೆಚ್ಚಿನವರು ಅಂದುಕೊಳ್ಳುತ್ತಾರೆ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಎಷ್ಟೋ ಸಲ ಸೀಟು ಖಾಲಿಯೇ ಇರುತ್ತದೆ, 56,000ದ ದರವೂ ಜಾರಿಯಲ್ಲಿರುತ್ತದೆ. ಆ ದರಕ್ಕೆ ಅಂಟಿಸಿದ ಷರತ್ತಿಗೆ ನಿಮ್ಮ ತಾರೀಖು ಹೊಂದುತ್ತಿಲ್ಲ, ಅಷ್ಟೇ. ‘ಒಂದು ದಿನ ಹೆಚ್ಚು ಉಳಿದರೆ 28,000 ಉಳಿಯುತ್ತದೆ’ ಎಂದು ವೆಬ್‌ಸೈಟ್ ನಿಮಗೆ ಹೇಳುವುದಿಲ್ಲ. ಹೊಂದದ ದರವನ್ನು ಬಿಟ್ಟು, ಹೊಂದುವ ಮುಂದಿನ ದರವನ್ನು ತೋರಿಸಿ ಸುಮ್ಮನಾಗುತ್ತದೆ.

ಹೀಗೆ ಸದ್ದಿಲ್ಲದೆ ಕೆಲಸ ಮಾಡುವ ಷರತ್ತುಗಳಲ್ಲಿ ಮುಖ್ಯವಾದವು ಎರಡು. ಹೊರಡುವುದಕ್ಕೆ ಇಂತಿಷ್ಟು ದಿನ ಮೊದಲೇ ಕೊಂಡಿರಬೇಕು ಎನ್ನುವುದು ಅಡ್ವಾನ್ಸ್ ಪರ್ಚೇಸ್. ಹೋದ ಮೇಲೆ ಕನಿಷ್ಠ ಇಷ್ಟು ದಿನ ಅಲ್ಲಿರಬೇಕು ಎನ್ನುವುದು ಮಿನಿಮಮ್ ಸ್ಟೇ. ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಕೆಡಬಹುದು, ಹಾಗಾಗಿ ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ನೋಡಬೇಕು.

ದೇಶದೊಳಗಿನ ವಿಮಾನಗಳಿಗೆ ಈ ಲೆಕ್ಕ ಹೆಚ್ಚು ಬೇಕಾಗುವುದಿಲ್ಲ. ಬೆಂಗಳೂರು–ದೆಹಲಿಯಂಥ ಮಾರ್ಗದಲ್ಲಿ ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ ದರ ಕೂಡಿಸುತ್ತಾರೆ, ಅಲ್ಲಿ ಎಷ್ಟು ದಿನ ಉಳಿದಿರಿ ಎಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಯುರೋಪ್, ಅಮೆರಿಕದ ಕಡೆ ದೊಡ್ಡ ಕಂಪನಿಗಳು ಮಾರುವ ರಿಟರ್ನ್ ಟಿಕೆಟ್ಟುಗಳೇ ಇದರ ಜಾಗ.

ಷರತ್ತು ಯಾರನ್ನು ತಡೆಯಲು ಇದೆ

1977ರಲ್ಲಿ ಅಮೆರಿಕನ್ ಏರ್‌ಲೈನ್ಸ್ ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾ ನಡುವೆ ಸೂಪರ್ ಸೇವರ್ ಎಂಬ ರಿಯಾಯಿತಿ ದರ ತಂದಿತು. 30 ದಿನ ಮೊದಲೇ ಕೊಳ್ಳಬೇಕು, ಹೋದಲ್ಲಿ ಕನಿಷ್ಠ 7 ದಿನ ಇರಬೇಕು ಎಂಬುದು ಷರತ್ತು. ಖಾಲಿ ಹೋಗುವ ಸೀಟುಗಳನ್ನು ರಜೆಗೆ ಹೋಗುವವರಿಗೆ ಅಗ್ಗಕ್ಕೆ ಮಾರಬೇಕು, ಆದರೆ ಎಷ್ಟಾದರೂ ಕೊಟ್ಟು ಹೋಗುವ ವ್ಯಾಪಾರಸ್ಥರ ಕೈಗೆ ಅದು ಸಿಗಬಾರದು ಎಂಬುದು ಕಂಪನಿಯ ಲೆಕ್ಕ. ಆಫೀಸಿನ ಕೆಲಸದವರ ಪ್ರಯಾಣ ನಿಗದಿಯಾಗುವುದೇ ಕೊನೆಯ ವಾರದಲ್ಲಿ, ಜೊತೆಗೆ ಅವರಿಗೆ ವಾರಾಂತ್ಯಕ್ಕೆ ಮನೆ ಸೇರಬೇಕು. ಈ ಎರಡು ಅಭ್ಯಾಸಗಳಿಗೆ ಎರಡು ಬೇಲಿ.

ಬೇಲಿ ಯಾರಿಗಾಗಿ ಎಂಬುದು ತಿಳಿದಿದ್ದರೆ ಎಲ್ಲಿ ಹುಡುಕಬೇಕು ಎಂಬುದೂ ತಿಳಿಯುತ್ತದೆ. ವಾರದ ನಡುವೆ ಹೋಗಿಬರುವ ಚಿಕ್ಕ ಪ್ರವಾಸ ನಿಮ್ಮದಾದರೆ ಮಿನಿಮಮ್ ಸ್ಟೇ ಅಡ್ಡ ಬಂದಿರುವ ಸಂಭವ ಹೆಚ್ಚು. ಊರಿಗೆ ಬಂದು ತಿಂಗಳು ಇದ್ದು ಹೋಗುವವರಿಗೆ ಅದರ ಚಿಂತೆಯೇ ಇಲ್ಲ, ಅವರು ಕೊಳ್ಳುವ ಗಡುವನ್ನು ನೋಡಿಕೊಂಡರೆ ಸಾಕು.

ಹಂತ 1: ನಿಯಮದ ಪಠ್ಯವನ್ನು ಎದುರಿಗೆ ತಂದುಕೊಳ್ಳಿ

ಪ್ರತಿ ದರಕ್ಕೂ ಫೇರ್ ಬೇಸಿಸ್ ಎಂಬ ಒಂದು ಸಂಕೇತವೂ ಅದರ ಹಿಂದೆ ಉದ್ದನೆಯ ನಿಯಮಾವಳಿಯೂ ಇರುತ್ತದೆ. ಬಹುಪಾಲು ಕಂಪನಿಗಳು ತಮ್ಮ ದರ, ನಿಯಮಗಳನ್ನು ಎಟಿಪಿಕೋ ಎಂಬ ಸಂಸ್ಥೆಯ ಮೂಲಕ ಹಂಚುತ್ತವೆ. ಅಲ್ಲಿ ನಿಯಮಗಳಿಗೆ ಸಂಖ್ಯೆಯಿದೆ. 5 ಎಂದರೆ ಮುಂಗಡ ಖರೀದಿ, 6 ಕನಿಷ್ಠ ವಾಸ, 7 ಗರಿಷ್ಠ ವಾಸ, 16 ದಂಡ, 31 ಬದಲಾವಣೆ. ಏಜೆಂಟ್ ಹತ್ತಿರ ಹೋದಾಗ ‘ಈ ಫೇರ್‌ದು 5, 6, 16, 31ನೇ ರೂಲ್ ತೆಗೆದು ಕಳಿಸಿ’ ಎಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. ಪರದೆಯ ಮೇಲಿನದನ್ನು ಹಾಗೇ ಮೇಲ್ ಮಾಡಿಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿದ ಸಾರಾಂಶ ಸಾಲದು.

ನೀವೇ ನೋಡುವುದಾದರೆ, ಕಂಪನಿಯ ವೆಬ್‌ಸೈಟಿನಲ್ಲಿ ಹಣ ಕಟ್ಟುವ ಪುಟದ ಮುಂಚೆ ದರ ನಿಯಮಗಳ ಕೊಂಡಿ ಸಾಮಾನ್ಯವಾಗಿ ಇರುತ್ತದೆ. ಗೂಗಲ್ ಒಡೆತನದ ಐಟಿಎ ಮ್ಯಾಟ್ರಿಕ್ಸ್ (`matrix.itasoftware.com`) ಇನ್ನೊಂದು ದಾರಿ. ಅದು ಟಿಕೆಟ್ ಮಾರುವುದಿಲ್ಲ, ಆದರೆ ಆರಿಸಿದ ಪ್ರಯಾಣದ ವಿವರದಲ್ಲಿ ಫೇರ್ ಬೇಸಿಸ್ ಮತ್ತು ನಿಯಮಗಳನ್ನು ತೋರಿಸುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. ದುಬಾರಿ ತಾರೀಖಿನ ನಿಯಮ ಓದಿದರೆ ಏನೂ ತಿಳಿಯುವುದಿಲ್ಲ, ಯಾಕೆಂದರೆ ಅದು ಆ ಷರತ್ತಿಲ್ಲದ ದರ. ಅಗ್ಗವಾಗಿ ಕಾಣುವ ತಾರೀಖನ್ನು ಆರಿಸಿ, ಆ ದರದ ನಿಯಮ ಓದಿ.

ಹಂತ 2: ಕೊಳ್ಳುವ ಗಡುವನ್ನು ಲೆಕ್ಕ ಹಾಕಿ

ಮುಂಗಡ ಖರೀದಿಯ ನಿಯಮ ಸುಮಾರಾಗಿ ಹೀಗಿರುತ್ತದೆ:

```
RESERVATIONS FOR ALL SECTORS ARE REQUIRED AT LEAST
21 DAYS BEFORE DEPARTURE.
TICKETING MUST BE COMPLETED WITHIN 72 HOURS AFTER
RESERVATIONS ARE MADE OR AT LEAST 21 DAYS BEFORE
DEPARTURE WHICHEVER IS EARLIER.
```

ಇದರಲ್ಲಿ ಎರಡು ಬೇರೆ ಕೆಲಸಗಳಿಗೆ ಗಡುವಿದೆ. ಸೀಟು ಕಾದಿರಿಸುವುದು ಒಂದು, ಟಿಕೆಟ್ ಮಾಡಿಸುವುದು ಇನ್ನೊಂದು. ಅಕ್ಟೋಬರ್ 12ರ ಪ್ರಯಾಣಕ್ಕೆ 21 ದಿನ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ 21 ಬರುತ್ತದೆ. ಆದರೆ ಸೆಪ್ಟೆಂಬರ್ 16ಕ್ಕೇ ಸೀಟು ಕಾದಿರಿಸಿದ್ದರೆ ಟಿಕೆಟ್ ಮಾಡಿಸಲು 21ರವರೆಗೆ ಸಮಯವಿಲ್ಲ. 72 ಗಂಟೆ ಮುಗಿಯುವುದು 19ಕ್ಕೆ, ಮೊದಲು ಬರುವ ಗಡುವೇ ಲೆಕ್ಕಕ್ಕೆ. 20ಕ್ಕೆ ಕಾದಿರಿಸಿದರೆ 72 ಗಂಟೆ ಪೂರ್ತಿ ಸಿಗುವುದಿಲ್ಲ, 21ಕ್ಕೇ ಮುಗಿಸಬೇಕು.

ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ‘ಬ್ಲಾಕ್ ಮಾಡಿದ್ದೀನಿ ಸರ್, ಆರಾಮಾಗಿ ಕನ್ಫರ್ಮ್ ಮಾಡಿ’ ಎಂದು ಏಜೆಂಟ್ ಹೇಳಿದರೆ ಸೀಟು ಮಾತ್ರ ನಿಮ್ಮ ಹೆಸರಿನಲ್ಲಿದೆ ಎಂದು ಅರ್ಥ. ದರ ನಿಮ್ಮದಾಗುವುದು ಟಿಕೆಟ್ ಹೊರಬಂದಾಗಲೇ. ಯಾವುದು ಆಗಿದೆ ಎಂದು ಗುರುತಿಸುವುದು ಸುಲಭ. ಆರು ಅಕ್ಷರ–ಅಂಕಿಗಳ ಪಿಎನ್‌ಆರ್ ಮಾತ್ರ ಬಂದಿದ್ದರೆ ಅದು ಕಾದಿರಿಸಿದ್ದಷ್ಟೇ. ಟಿಕೆಟ್ ಆಗಿದ್ದರೆ 13 ಅಂಕಿಯ ಟಿಕೆಟ್ ಸಂಖ್ಯೆ ಇರಬೇಕು, ಅದರ ಮೊದಲ ಮೂರು ಅಂಕಿ ಕಂಪನಿಯ ಗುರುತು. ಏರ್ ಇಂಡಿಯಾದ್ದು 098, ಲುಫ್ತಾನ್ಸಾದ್ದು 220. ಆ 13 ಅಂಕಿ ಕೈಗೆ ಬರುವವರೆಗೆ ಕೆಲಸ ಆಗಿಲ್ಲ ಎಂದೇ ತಿಳಿಯಿರಿ.

ಎಣಿಕೆ ಮಾಡುವುದು ಹೋಗುವ ದಿನದಿಂದ, ಬರುವ ದಿನದಿಂದಲ್ಲ. `FOR ALL SECTORS` ಎಂದಿದ್ದರೆ ವಾಪಸ್ ವಿಮಾನದ ಸೀಟೂ ಆಗಲೇ ಖಾತ್ರಿಯಾಗಿರಬೇಕು. ‘ಬರುವ ತಾರೀಖು ಆಮೇಲೆ ನೋಡೋಣ’ ಎನ್ನುವುದಕ್ಕೆ ಇಂಥ ದರದಲ್ಲಿ ಜಾಗವಿಲ್ಲ.

ಹೋಗುವ ದಿನ ಯಾವುದು ಎಂಬುದನ್ನೂ ಸರಿಯಾಗಿ ನೋಡಿ. ಬೆಂಗಳೂರಿನಿಂದ ಯುರೋಪಿಗೆ ಹಲವು ವಿಮಾನಗಳು ನಡುರಾತ್ರಿ ಕಳೆದು ಹೊರಡುತ್ತವೆ. ಭಾನುವಾರ ರಾತ್ರಿ ಊಟ ಮುಗಿಸಿ ದೇವನಹಳ್ಳಿಗೆ ಹೊರಟರೂ ವಿಮಾನ ಏರುವುದು ಬೆಳಗಿನ ಜಾವ ಎರಡೂವರೆಗೆ, ಅಂದರೆ ಟಿಕೆಟ್ಟಿನಲ್ಲಿರುವುದು ಸೋಮವಾರ. ಎಲ್ಲ ಎಣಿಕೆಯೂ ಟಿಕೆಟ್ಟಿನ ತಾರೀಖಿನಿಂದಲೇ.

ಹಂತ 3: ಎಷ್ಟು ದಿನ ಉಳಿಯಬೇಕೆಂದು ಓದಿ

```
TRAVEL FROM TURNAROUND MUST COMMENCE NO EARLIER THAN
THE FIRST SUN AFTER DEPARTURE FROM FARE ORIGIN
OR NO EARLIER THAN 5 DAYS AFTER DEPARTURE FROM
FARE ORIGIN WHICHEVER IS EARLIER
```

ಬಹಳ ಜನ ಇದನ್ನು ‘ಶನಿವಾರ ರಾತ್ರಿ ಅಲ್ಲೇ ಇರಬೇಕು’ ಎಂದು ನೆನಪಿಟ್ಟುಕೊಳ್ಳುತ್ತಾರೆ. ಬರೀ ಭಾನುವಾರದ ಸಾಲಿದ್ದರೆ ಅದು ಸರಿ. ಆದರೆ ಮೇಲಿನ ಮಾದರಿಯಲ್ಲಿ ಎರಡು ದಾರಿಗಳಿವೆ, ಮೊದಲು ಬರುವುದು ಸಾಕು. ಹೊರಟ ಮರುದಿನವನ್ನು ಒಂದನೇ ದಿನ ಎಂದು ಎಣಿಸಬೇಕು. 12ರ ಸೋಮವಾರ ಹೊರಟರೆ ಐದನೇ ದಿನ 17ರ ಶನಿವಾರ, ಮೊದಲ ಭಾನುವಾರ 18. ಎರಡರಲ್ಲಿ ಮೊದಲು ಬರುವುದು ಶನಿವಾರ. ಹಾಗಾಗಿ ಶನಿವಾರ ಫ್ರಾಂಕ್‌ಫರ್ಟ್ ಬಿಡಬಹುದು, ಶುಕ್ರವಾರ ಬಿಟ್ಟರೆ ಒಂದೇ ದಿನ ಕಡಿಮೆ. ಶುರುವಿನಲ್ಲಿ ಕಂಡ 28,000ದ ಜಿಗಿತಕ್ಕೆ ಇದೇ ಕಾರಣ. ಕೊನೆಯ ಪದ `EARLIER` ಬದಲು `LATER` ಆಗಿದ್ದರೆ ಭಾನುವಾರದವರೆಗೆ ಕಾಯಲೇಬೇಕಾಗುತ್ತಿತ್ತು.

ಎಲ್ಲಿಂದ ಹೊರಡುವುದನ್ನು ಅಳೆಯುತ್ತಾರೆ ಎಂಬುದನ್ನೂ ಗಮನಿಸಿ. `TURNAROUND` ಎಂದರೆ ನೀವು ಹೋಗಿ ತಿರುಗುವ ಊರು, ಇಲ್ಲಿ ಫ್ರಾಂಕ್‌ಫರ್ಟ್. ಅದರ ಬದಲು `LAST STOPOVER` ಎಂದಿದ್ದರೆ ವಾಪಸ್ ಬರುವಾಗ ಕೊನೆಯದಾಗಿ ತಂಗಿದ ಊರು. ಆಗ ಶುಕ್ರವಾರವೇ ಫ್ರಾಂಕ್‌ಫರ್ಟ್ ಬಿಟ್ಟು, ವಿಯೆನ್ನಾದಲ್ಲಿ ಎರಡು ರಾತ್ರಿ ಇದ್ದು, ಭಾನುವಾರ ಅಲ್ಲಿಂದ ಹೊರಟರೂ ಷರತ್ತು ಪೂರೈಸಿದಂತೆ. ಅದಕ್ಕೆ ಆ ದರ ಸ್ಟಾಪ್‌ಓವರ್ ಒಪ್ಪಬೇಕು, ಮತ್ತು ಅಂತರರಾಷ್ಟ್ರೀಯ ಪ್ರಯಾಣದಲ್ಲಿ 24 ಗಂಟೆಗಿಂತ ಹೆಚ್ಚು ನಿಂತರೆ ಮಾತ್ರ ಅದು ಸ್ಟಾಪ್‌ಓವರ್.

ಇನ್ನು `FARE ORIGIN`. ಹುಬ್ಬಳ್ಳಿ, ಮಂಗಳೂರು, ಬೆಳಗಾವಿಯವರು ಇದನ್ನು ಎರಡು ಸಲ ಓದಬೇಕು. ಮಂಗಳೂರಿನಿಂದ ಫ್ರಾಂಕ್‌ಫರ್ಟ್‌ವರೆಗೆ ಒಂದೇ ಟಿಕೆಟ್, ಒಂದೇ ದರ ಆಗಿದ್ದರೆ ದರದ ಮೂಲ ಮಂಗಳೂರು. 11ರ ಸಂಜೆ ಮಂಗಳೂರು ಬಿಟ್ಟು, 12ರ ಬೆಳಗಿನ ಜಾವ ಬೆಂಗಳೂರಿನಿಂದ ಹಾರಿದರೆ ಎಣಿಕೆ ಶುರುವಾಗುವುದು 11ರಿಂದ. ಐದನೇ ದಿನ 16ರ ಶುಕ್ರವಾರ. ಬೆಂಗಳೂರಿನವರಿಗೆ ಸಿಗದ ಶುಕ್ರವಾರದ ವಾಪಸ್ ಅದೇ ವಿಮಾನದಲ್ಲಿ ಕೂತ ಮಂಗಳೂರಿನವರಿಗೆ ಸಿಗುತ್ತದೆ. ಮಂಗಳೂರು–ಬೆಂಗಳೂರು ಟಿಕೆಟ್ ಬೇರೆಯಾಗಿ ಕೊಂಡಿದ್ದರೆ ಈ ಅನುಕೂಲ ಇಲ್ಲ.

ಹಂತ 4: ಎರಡನ್ನೂ ಒಂದೇ ಕಾಗದದ ಮೇಲೆ ಇಟ್ಟು ನೋಡಿ

ನಮ್ಮ ಉದಾಹರಣೆಗೆ ಮರಳೋಣ. ಮೀಟಿಂಗು ಮಂಗಳವಾರದಿಂದ ಗುರುವಾರ. ಅಗ್ಗದ ದರ ಹಿಡಿಯಲು ಒಂದು ದಿನ ಸೇರಿಸಬೇಕು. ಅದನ್ನು ಹಿಂದಕ್ಕೂ ಸೇರಿಸಬಹುದು, ಮುಂದಕ್ಕೂ ಸೇರಿಸಬಹುದು. 12ಕ್ಕೆ ಹೋಗಿ 17ರ ಶನಿವಾರ ಬರುವುದು ಒಂದು. 11ರ ಭಾನುವಾರವೇ ಹೋಗಿ 16ರ ಶುಕ್ರವಾರ ಬರುವುದು ಇನ್ನೊಂದು. ಎರಡರಲ್ಲೂ ಐದು ದಿನ ತುಂಬುತ್ತದೆ, ಎರಡಕ್ಕೂ ಒಂದು ರಾತ್ರಿಯ ಹೋಟೆಲ್ ಖರ್ಚು ಹೆಚ್ಚಾಗುತ್ತದೆ.

ಆದರೆ ಇವೆರಡೂ ಒಂದೇ ಅಲ್ಲ. ಹೋಗುವುದನ್ನು 11ಕ್ಕೆ ತಂದ ಕೂಡಲೇ 21 ದಿನದ ಗಡುವು ಸೆಪ್ಟೆಂಬರ್ 21ರಿಂದ 20ಕ್ಕೆ ಜಾರುತ್ತದೆ. 20 ಭಾನುವಾರ, ಏಜೆಂಟರ ಆಫೀಸಿಗೂ ನಿಮ್ಮ ಕಂಪನಿಯ ಟ್ರಾವೆಲ್ ಡೆಸ್ಕಿಗೂ ರಜೆ ಇರಬಹುದು. ಆಗ ನಿಜವಾದ ಗಡುವು ಶುಕ್ರವಾರ 18 ಅಥವಾ ಶನಿವಾರ 19 ಎಂದೇ ಇಟ್ಟುಕೊಳ್ಳಬೇಕು. 21ರ ಸೋಮವಾರ ಬೆಳಿಗ್ಗೆ ಕೂತು ಈ ಲೆಕ್ಕ ಮಾಡುತ್ತಿದ್ದರೆ 11ರ ದಾರಿ ಆಗಲೇ ಮುಚ್ಚಿದೆ, ಶನಿವಾರ ವಾಪಸ್ ಬರುವ ದಾರಿ ಆ ದಿನದ ಮಟ್ಟಿಗೆ ತೆರೆದಿದೆ. ಮಂಗಳೂರಿನವರ ಅನುಕೂಲಕ್ಕೂ ಇದೇ ಬೆಲೆ. 11ರಿಂದ ಎಣಿಕೆ ಶುರುವಾದರೆ ಕೊಳ್ಳುವ ಗಡುವೂ 20ಕ್ಕೇ ಬರುತ್ತದೆ.

ಹಾಗಾಗಿ ದಿನ ಸೇರಿಸುವಾಗ ನಾನು ಪಾಲಿಸುವ ಕ್ರಮ ಇದು. ಗಡುವು ಹತ್ತಿರವಿದ್ದರೆ ವಾಪಸ್ ದಿನವನ್ನು ಮುಂದಕ್ಕೆ ತಳ್ಳುತ್ತೇನೆ, ಹೋಗುವ ದಿನವನ್ನು ಮುಟ್ಟುವುದಿಲ್ಲ. ಗಡುವಿಗೆ ವಾರಗಟ್ಟಲೆ ಸಮಯವಿದ್ದರೆ ಮಾತ್ರ ಮೊದಲೇ ಹೋಗುವ ಆಯ್ಕೆಯನ್ನು ನೋಡುತ್ತೇನೆ. ಇನ್ನೊಂದು ರಾತ್ರಿಗೆ ಹೋಟೆಲ್, ಊಟ ಸೇರಿ 28,000ಕ್ಕಿಂತ ಸಾಕಷ್ಟು ಕಡಿಮೆ ಆಗುತ್ತದೆಯೇ ಎಂದೂ ನೋಡಬೇಕು. ಫ್ರಾಂಕ್‌ಫರ್ಟ್‌ನಲ್ಲಿ ದೊಡ್ಡ ವಸ್ತುಪ್ರದರ್ಶನಗಳ ವಾರ ಹೋಟೆಲ್ ಬಾಡಿಗೆ ವಿಪರೀತ ಏರುತ್ತದೆ. ಅಕ್ಟೋಬರ್‌ನಲ್ಲಿ ಅಲ್ಲಿ ಪುಸ್ತಕ ಮೇಳ ನಡೆಯುತ್ತದೆ, ಅಂಥ ವಾರವಾದರೆ ಉಳಿತಾಯವನ್ನೆಲ್ಲ ಹೋಟೆಲೇ ತಿಂದುಹಾಕಬಹುದು.

ಹೋಗುವುದಕ್ಕೆ ಒಂದು ದರ, ಬರುವುದಕ್ಕೆ ಇನ್ನೊಂದು ದರ ಜೋಡಿಸಿದ ಟಿಕೆಟ್ಟೂ ಇರುತ್ತದೆ. ಅರ್ಧರ್ಧ ರಿಟರ್ನ್ ದರಗಳನ್ನು ಹೀಗೆ ಸೇರಿಸಿದಾಗ ಸಾಮಾನ್ಯವಾಗಿ ಎರಡರಲ್ಲಿ ಬಿಗಿಯಾದ ಷರತ್ತು ಇಡೀ ಟಿಕೆಟ್ಟಿಗೆ ಅನ್ವಯಿಸುತ್ತದೆ. ಬರುವ ದರಕ್ಕೆ ಏನೂ ಷರತ್ತಿಲ್ಲ ಎಂದು ಸಮಾಧಾನ ಪಡುವ ಮೊದಲು ಹೋಗುವ ದರದ್ದನ್ನೂ ಓದಿ.

ಹಂತ 5: ಷರತ್ತೋ, ಸೀಟು ಖಾಲಿಯಾದದ್ದೋ?

ನಿಯಮದ ಪಠ್ಯ ಸಿಗದಿದ್ದರೂ ಬೆಲೆಯ ನಡವಳಿಕೆಯಿಂದ ಕಾರಣ ಊಹಿಸಬಹುದು. ಗೂಗಲ್ ಫ್ಲೈಟ್ಸ್‌ನಂಥ ತಾಣದಲ್ಲಿ ಹೋಗುವ ದಿನವನ್ನು ಹಾಗೇ ಇಟ್ಟು, ಬರುವ ದಿನವನ್ನು ಒಂದೊಂದಾಗಿ ಮುಂದಕ್ಕೆ ಒತ್ತಿ ನೋಡಿ. ಗುರುವಾರ, ಶುಕ್ರವಾರ ಒಂದೇ ಎತ್ತರದ ಬೆಲೆ, ಶನಿವಾರಕ್ಕೋ ಭಾನುವಾರಕ್ಕೋ ಥಟ್ಟನೆ ಇಳಿದು ಮುಂದೆ ಅಲ್ಲೇ ನಿಂತರೆ ಅದು ಮಿನಿಮಮ್ ಸ್ಟೇ. ಈಗ ಹೋಗುವ ದಿನವನ್ನೂ ಒಂದು ದಿನ ಸರಿಸಿ. ಇಳಿತವೂ ಜೊತೆಯಲ್ಲೇ ಒಂದು ದಿನ ಸರಿದರೆ ದಿನಗಳ ಎಣಿಕೆ, ಅದೇ ಭಾನುವಾರಕ್ಕೆ ಅಂಟಿಕೊಂಡರೆ ಭಾನುವಾರದ ನಿಯಮ. ಶುಕ್ರವಾರದ ಒಂದು ವಿಮಾನ ಮಾತ್ರ ದುಬಾರಿಯಾಗಿದ್ದು, ಅದೇ ದಿನದ ಇನ್ನೊಂದು ವಿಮಾನ ಅಗ್ಗವಾಗಿದ್ದರೆ ಅಲ್ಲಿ ಆ ಅಗ್ಗದ ದರಕ್ಕೆ ಇಟ್ಟ ಸೀಟು ಮುಗಿದಿದೆ, ಷರತ್ತಿನ ಮಾತಲ್ಲ.

ಮುಂಗಡ ಖರೀದಿಯ ಗುರುತು ಬೇರೆ. ನಿನ್ನೆ 56,000 ಇದ್ದದ್ದು ಇವತ್ತು ಆ ದಿನದ ಎಲ್ಲ ವಿಮಾನಗಳಲ್ಲೂ ಒಟ್ಟಿಗೆ ಏರಿದ್ದರೆ, ಮತ್ತು ಹೊರಡಲು 20, 13 ಅಥವಾ 6 ದಿನ ಉಳಿದಿದ್ದರೆ ಗಡುವು ದಾಟಿತು ಎಂದೇ ಅರ್ಥ. 21, 14, 7 ಹೆಚ್ಚು ಬಳಕೆಯಲ್ಲಿರುವ ಗಡುವುಗಳು. ಆಗ ಬೆಲೆ ಇಳಿಯುತ್ತದೆಂದು ಕಾಯುವುದರಲ್ಲಿ ಅರ್ಥವಿಲ್ಲ, ಮುಂದಿನ ಗಡುವಿನೊಳಗೆ ಕೊಳ್ಳಿ. ಹೋಗುವ ದಿನವನ್ನು ಒಂದು ದಿನ ಮುಂದಕ್ಕೆ ಹಾಕಲು ಸಾಧ್ಯವಿದ್ದರೆ 21 ದಿನ ಮತ್ತೆ ತುಂಬುತ್ತದೆ, ಅದನ್ನೂ ಪ್ರಯತ್ನಿಸಿ.

ಮಾಡಬಾರದ ಒಂದು ಉಪಾಯ

ಪದೇ ಪದೇ ಹೋಗಿಬರುವವರಿಗೆ ಯಾರಾದರೂ ಒಂದು ಉಪಾಯ ಹೇಳಿಯೇ ಹೇಳುತ್ತಾರೆ. ಎರಡು ರಿಟರ್ನ್ ಟಿಕೆಟ್ ಕೊಂಡು, ಒಂದರ ಹೋಗುವ ಭಾಗವನ್ನೂ ಇನ್ನೊಂದರ ಭಾಗವನ್ನೂ ಹೆಣೆದು, ಕಾಗದದ ಮೇಲೆ ಮಾತ್ರ ಕನಿಷ್ಠ ವಾಸ ಪೂರೈಸಿದಂತೆ ತೋರಿಸುವುದು. ಇದಕ್ಕೆ ಬ್ಯಾಕ್ ಟು ಬ್ಯಾಕ್ ಎನ್ನುತ್ತಾರೆ. ಅಮೆರಿಕದ ದೊಡ್ಡ ಕಂಪನಿಗಳ ಪ್ರಯಾಣ ಷರತ್ತುಗಳು ಇದನ್ನು ಹೆಸರಿಸಿಯೇ ನಿಷೇಧಿಸಿವೆ. ಸಿಕ್ಕಿಬಿದ್ದರೆ ಉಳಿದ ಟಿಕೆಟ್ ರದ್ದಾಗಬಹುದು, ದರದ ವ್ಯತ್ಯಾಸ ಕಟ್ಟಿಸಿಕೊಳ್ಳಬಹುದು. ಜೊತೆಗೆ, ಟಿಕೆಟ್ಟಿನ ಭಾಗಗಳನ್ನು ಅನುಕ್ರಮವಾಗಿಯೇ ಬಳಸಬೇಕು. ಹೋಗುವ ವಿಮಾನ ಬಿಟ್ಟರೆ ಬರುವ ಸೀಟು ಸಾಮಾನ್ಯವಾಗಿ ತಾನಾಗಿಯೇ ರದ್ದಾಗುತ್ತದೆ. ಪರದೇಶದಲ್ಲಿ ನಿಂತು ಅದನ್ನು ಕಂಡುಕೊಳ್ಳುವ ಸ್ಥಿತಿ ಯಾರಿಗೂ ಬೇಡ.

ಹಂತ 6: ಕೊಂಡ ಮೇಲೆ ತಾರೀಖು ಬದಲಿಸುವಾಗ

ಶನಿವಾರ ವಾಪಸ್ ಎಂದು 56,000ಕ್ಕೆ ಕೊಂಡಿರಿ. ಗುರುವಾರ ಮಧ್ಯಾಹ್ನವೇ ಕೆಲಸ ಮುಗಿಯಿತು, ಶುಕ್ರವಾರದ ವಿಮಾನದಲ್ಲಿ ಸೀಟೂ ಇದೆ. ‘ಬದಲಾವಣೆ ಶುಲ್ಕವಿಲ್ಲ’ ಎಂಬ ಟಿಕೆಟ್ಟೇ ಆಗಿದ್ದರೂ ಇಲ್ಲಿ ದೊಡ್ಡ ಮೊತ್ತ ಕೇಳಬಹುದು. ಶುಕ್ರವಾರಕ್ಕೆ ಬಂದ ಕೂಡಲೇ ಟಿಕೆಟ್ ಕನಿಷ್ಠ ವಾಸದ ಷರತ್ತು ಮುರಿಯುತ್ತದೆ, ಆಗ ಅದಕ್ಕೆ ಹೊಂದುವ 84,000ದ ದರದಲ್ಲಿ ಮರುಲೆಕ್ಕ ಮಾಡುತ್ತಾರೆ. ಶುಲ್ಕ ಸೊನ್ನೆಯಾದರೂ ವ್ಯತ್ಯಾಸ 28,000. ಹಾಗಾಗಿ ಈ ದರ ಕೊಳ್ಳುವಾಗ ವಾಪಸ್ ದಿನವನ್ನು ಹಿಂದಕ್ಕೆ ತರುವುದು ದುಬಾರಿ, ಮುಂದಕ್ಕೆ ಹಾಕುವುದು ಅಷ್ಟು ಕಷ್ಟವಲ್ಲ ಎಂಬುದು ಗೊತ್ತಿರಲಿ. ಕೆಲಸ ಯಾವಾಗ ಮುಗಿಯುತ್ತದೋ ಖಚಿತವಿಲ್ಲದಿದ್ದರೆ, ಷರತ್ತಿಗೆ ಹೊಂದುವ ಅತ್ಯಂತ ಮೊದಲ ದಿನಕ್ಕೆ ವಾಪಸ್ ಕಾದಿರಿಸಿ, ಬೇಕಾದರೆ ಆಮೇಲೆ ಮುಂದಕ್ಕೆ ಹಾಕಿ.

ಹೊರಡುವ ಮೊದಲೇ ತಾರೀಖು ಬದಲಿಸುವುದಾದರೆ 31ನೇ ನಿಯಮದಲ್ಲಿ ಒಂದು ಸಾಲು ಹುಡುಕಿ. ಮುಂಗಡ ಖರೀದಿಯ ದಿನಗಳನ್ನು `ORIGINAL TICKET` ದಿನಾಂಕದಿಂದ ಎಣಿಸುತ್ತಾರೋ, `REISSUE DATE`ನಿಂದಲೋ ಅಲ್ಲಿರುತ್ತದೆ. ಮೊದಲನೆಯದಾದರೆ ತಿಂಗಳ ಹಿಂದೆ ಕೊಂಡದ್ದು ನಿಮ್ಮ ನೆರವಿಗೆ ಬರುತ್ತದೆ. ಎರಡನೆಯದಾದರೆ, ಹೊಸ ಪ್ರಯಾಣಕ್ಕೆ ಹತ್ತೇ ದಿನ ಉಳಿದಿರುವಾಗ ಬದಲಿಸಿದರೆ 21 ದಿನದ ದರ ಕೈತಪ್ಪುತ್ತದೆ. ಬದಲಿಸುವುದು ಅನಿವಾರ್ಯ ಎಂದು ಗೊತ್ತಾದ ದಿನವೇ ಬದಲಿಸಿ, ಕಾದಷ್ಟೂ ನಷ್ಟ.

ಕಂಪನಿಯೇ ವಿಮಾನ ರದ್ದು ಮಾಡಿ ನಿಮ್ಮನ್ನು ಬೇರೆ ದಿನಕ್ಕೆ ಹಾಕಿದರೆ ಈ ಮರುಲೆಕ್ಕ ಸಾಮಾನ್ಯವಾಗಿ ಇರುವುದಿಲ್ಲ, ಯಾಕೆಂದರೆ ಬದಲಾವಣೆ ನಿಮ್ಮದಲ್ಲ. ಮನೆಯಲ್ಲಿ ಸಾವು ಸಂಭವಿಸಿ ಬೇಗ ಮರಳಬೇಕಾದರೆ ಹಲವು ದರಗಳ ನಿಯಮದಲ್ಲೇ ಕನಿಷ್ಠ ವಾಸಕ್ಕೆ ವಿನಾಯಿತಿ ಬರೆದಿರುತ್ತದೆ. ವೆಬ್‌ಸೈಟ್ ಆ ವಿನಾಯಿತಿಯನ್ನು ತಾನಾಗಿ ಕೊಡುವುದಿಲ್ಲ. ಆನ್‌ಲೈನ್‌ನಲ್ಲಿ ಹಣ ಕಟ್ಟುವ ಮೊದಲು ಕಂಪನಿಗೆ ಫೋನ್ ಮಾಡಿ, 6 ಮತ್ತು 16ನೇ ನಿಯಮದಲ್ಲಿ ಸಾವಿನ ವಿನಾಯಿತಿ ಇದೆಯೇ ಎಂದು ಕೇಳಿ, ಮರಣ ಪ್ರಮಾಣಪತ್ರ ಆಮೇಲೆ ಕಳಿಸುವುದಾಗಿ ಹೇಳಿ.